ಕಂದಕೂರ ಮೊದಲೋ, ಕಕ್ಕೇರಾ ಮೊದಲೋ? ಸ್ಪ್ರೆಡ್‌ಶೀಟಿನಲ್ಲಿ ಕನ್ನಡದ ಅಕಾರಾದಿ ಸರಿಪಡಿಸುವ ಬಗೆ

ಯಾದಗಿರಿ ಜಿಲ್ಲೆಯ ಊರುಗಳ ಪಟ್ಟಿಯೊಂದನ್ನು ಕನ್ನಡದಲ್ಲೇ ಟೈಪ್ ಮಾಡಿದ್ದೀರಿ. ಮತದಾರರ ಪಟ್ಟಿಯಿರಬಹುದು, ಶಾಲೆಯ ದಾಖಲಾತಿಯಿರಬಹುದು, ಸ್ವಸಹಾಯ ಸಂಘದ ಲೆಕ್ಕವಿರಬಹುದು. ಊರುಗಳನ್ನು ಅಕಾರಾದಿಯಾಗಿ ಜೋಡಿಸಲು ಸಾರ್ಟ್ ಗುಂಡಿ ಒತ್ತುತ್ತೀರಿ. ಮೇಲ್ನೋಟಕ್ಕೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಮುದ್ರಿಸಿದ ಪಟ್ಟಿಯಲ್ಲಿ ಕಂದಕೂರವನ್ನು ಹುಡುಕಿದವರಿಗೆ ಅದು ‘ಕ’ ಅಕ್ಷರದ ಆರಂಭದಲ್ಲಿ ಸಿಗುವುದಿಲ್ಲ, ಕಕ್ಕೇರಾದ ಕೆಳಗೆ ಸಿಗುತ್ತದೆ. ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅದೇ ಪಟ್ಟಿ ಬೇರೆ ಥರ ಬರುತ್ತದೆ. ಕಂದಕೂರ ಸರಿಯಾದ ಜಾಗದಲ್ಲಿದೆ, ಆದರೆ ಬಳಿಚಕ್ರ ಬಸವಸಾಗರಕ್ಕಿಂತ ಮೊದಲೇ ಬಂದು ಕೂತಿದೆ.

ಇದು ನೀವು ಟೈಪ್ ಮಾಡಿದ್ದರ ತಪ್ಪಲ್ಲ. ಎರಡು ಅಕ್ಷರಗಳಲ್ಲಿ ಯಾವುದು ಮೊದಲು ಎಂದು ತೀರ್ಮಾನಿಸಲು ಕಂಪ್ಯೂಟರಿಗೆ ಒಂದು ನಿಯಮ ಬೇಕು. ಆ ನಿಯಮ ಕನ್ನಡದ್ದಾಗಿರದಿದ್ದರೆ ಹೀಗಾಗುತ್ತದೆ. ಯಾವ ನಿಯಮ ನಡೆಯುತ್ತಿದೆ ಎಂದು ನಾಲ್ಕು ಊರ ಹೆಸರುಗಳಿಂದ ಪತ್ತೆ ಹಚ್ಚಬಹುದು, ಅದನ್ನು ಕನ್ನಡದ ನಿಯಮಕ್ಕೆ ಬದಲಿಸಲೂಬಹುದು.

ಹೀಗೇಕಾಗುತ್ತದೆ?

ಕಂಪ್ಯೂಟರಿನೊಳಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟಿದ್ದಾರೆ. ಅನುಸ್ವಾರಕ್ಕೆ 3202, ‘ಅ’ಗೆ 3205, ‘ಕ’ಗೆ 3221, ಕಾಗುಣಿತದ ದೀರ್ಘ ‘ಾ’ಗೆ 3262, ಅಕ್ಷರವನ್ನು ಅರ್ಧ ಮಾಡುವ ‘್’ಗೆ 3277. ಈ ಸಂಖ್ಯೆಗಳ ಏರಿಕೆಯನ್ನೇ ಅನುಸರಿಸಿ ಜೋಡಿಸುವುದು ಮೊದಲನೆಯ ನಿಯಮ. ಇದನ್ನು ಸಂಖ್ಯಾಕ್ರಮ ಎನ್ನೋಣ.

ಸಂಖ್ಯಾಕ್ರಮ ಬಹುಪಾಲು ನಮ್ಮ ವರ್ಣಮಾಲೆಯಂತೆಯೇ ಇದೆ. ತಪ್ಪುವುದು ಮುಖ್ಯವಾಗಿ ‘ಳ’ದಲ್ಲಿ. ಶಾಲೆಯಲ್ಲಿ ನಾವು ಕಲಿತದ್ದು ಯ, ರ, ಲ, ವ, ಶ, ಷ, ಸ, ಹ, ಳ ಎಂದು. ಅಲ್ಲಿ ‘ಳ’ ಕೊನೆಯ ಅಕ್ಷರ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 3251. ‘ಲ’ದ 3250ಕ್ಕೆ ಅಂಟಿಕೊಂಡು, ‘ವ’ದ 3253ಕ್ಕಿಂತ ಮೊದಲೇ ಬರುತ್ತದೆ. ಇದಕ್ಕೊಂದು ಹಿನ್ನೆಲೆಯಿದೆ. ಯೂನಿಕೋಡ್ ತನ್ನ ಭಾರತೀಯ ಲಿಪಿಗಳ ವಿನ್ಯಾಸವನ್ನು ಇಸ್ಕಿ ಎಂಬ ಭಾರತೀಯ ಮಾನಕದಿಂದ ಪಡೆಯಿತು. ಇಸ್ಕಿಯಲ್ಲಿ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಚೌಕಟ್ಟು. ದೇವನಾಗರಿಯ ळ ಎಲ್ಲಿ ಕೂತಿದೆಯೋ ಕನ್ನಡದ ಳ ಕೂಡ ಅದೇ ಮನೆಯಲ್ಲಿ ಕೂರಬೇಕು. ಲಿಪಿಯಿಂದ ಲಿಪಿಗೆ ಬದಲಾಯಿಸಲು ಇದು ಅನುಕೂಲ. ಕನ್ನಡದ ಅಕಾರಾದಿಗೆ ಮಾತ್ರ ಹೊಂದುವುದಿಲ್ಲ.

ಎರಡನೆಯ ನಿಯಮ ಯೂನಿಕೋಡ್ ಸಂಸ್ಥೆ ರೂಪಿಸಿದ ಸಾರ್ವತ್ರಿಕ ಅನುಕ್ರಮ. ಇದು ಅಕ್ಷರದ ಸಂಖ್ಯೆಯನ್ನು ನೋಡುವುದಿಲ್ಲ, ಪ್ರತಿ ಅಕ್ಷರಕ್ಕೂ ಬೇರೆಯೇ ತೂಕ ಕೊಡುತ್ತದೆ. ಇದರಲ್ಲಿ ‘ಳ’ ಸರಿಯಾಗಿ ‘ಹ’ದ ನಂತರ ಬರುತ್ತದೆ. ತೊಂದರೆ ಬರುವುದು ಅನುಸ್ವಾರದಲ್ಲಿ. ಈ ನಿಯಮ ಅನುಸ್ವಾರವನ್ನು ಸ್ವತಂತ್ರ ಅಕ್ಷರವೆಂದು ಎಣಿಸುವುದಿಲ್ಲ. ಮೊದಲ ಹೋಲಿಕೆಯಲ್ಲಿ ಅದನ್ನು ಬಿಟ್ಟೇ ಓದುತ್ತದೆ, ಉಳಿದದ್ದೆಲ್ಲ ಸಮನಾದಾಗ ಮಾತ್ರ ಗಮನಿಸುತ್ತದೆ. ಹಾಗಾಗಿ ‘ಕಂದಕೂರ’ ಅದರ ಲೆಕ್ಕದಲ್ಲಿ ‘ಕದಕೂರ’. ‘ಕಕ್ಕೇರಾ’ ಅದಕ್ಕಿಂತ ಮೊದಲು ಬರುವುದು ಇದರಿಂದಲೇ.

ಮೂರನೆಯದು ಕನ್ನಡದ ನಿಯಮ. ಸಾರ್ವತ್ರಿಕ ಅನುಕ್ರಮವನ್ನೇ ಆಧಾರವಾಗಿಟ್ಟುಕೊಂಡು, ಕನ್ನಡಕ್ಕೆ ಬೇಕಾದ ತಿದ್ದುಪಡಿಯನ್ನು ಮೇಲೆ ಸೇರಿಸುತ್ತಾರೆ. ಮುಖ್ಯ ತಿದ್ದುಪಡಿ ಇಷ್ಟೇ: ಅನುಸ್ವಾರ ಮತ್ತು ವಿಸರ್ಗಗಳು ಪೂರ್ಣ ಅಕ್ಷರಗಳು, ಅವುಗಳ ಜಾಗ ‘ಔ’ದ ನಂತರ, ‘ಕ’ದ ಮೊದಲು. ವರ್ಣಮಾಲೆಯಲ್ಲಿ ಅಂ, ಅಃ ಎಂದು ನಾವು ಹೇಳಿಕೊಡುವ ಜಾಗವೇ ಅದು. ಹೀಗೆ ಭಾಷೆಗೆ ತಕ್ಕಂತೆ ಜೋಡಿಸುವುದಕ್ಕೆ ಕೊಲೇಶನ್ ಎಂಬ ಹೆಸರಿದೆ. ಯಾವ ಭಾಷೆ, ಯಾವ ಪ್ರದೇಶ ಎಂದು ತಂತ್ರಾಂಶಕ್ಕೆ ತಿಳಿಸುವ ಸೆಟ್ಟಿಂಗ್ ಲೊಕೇಲ್. ಲೊಕೇಲ್ ಇಂಗ್ಲಿಷ್ ಎಂದಿದ್ದರೆ ಕನ್ನಡದ ತಿದ್ದುಪಡಿ ಜಾರಿಗೆ ಬರುವುದೇ ಇಲ್ಲ.

ಇಲ್ಲೊಂದು ಗೊಂದಲ ಹುಟ್ಟುವುದುಂಟು. ಕಾಗುಣಿತ ಹೇಳುವಾಗ ‘ಕಂ’ ಬರುವುದು ‘ಕೌ’ ಆದ ಮೇಲೆ. ಹಾಗಿದ್ದರೆ ಕಂದಕೂರ ‘ಕ’ ಗುಂಪಿನ ಕೊನೆಗೆ ಹೋಗಬೇಡವೇ? ಅಕಾರಾದಿಯಲ್ಲಿ ಹಾಗಲ್ಲ. ಮೊದಲು ‘ಕ’ದಿಂದ ಆರಂಭವಾಗಿ ಆ ‘ಕ’ಕ್ಕೆ ಕಾಗುಣಿತದ ಚಿಹ್ನೆ ಹತ್ತದ ಪದಗಳೆಲ್ಲ ಬರುತ್ತವೆ, ಆಮೇಲೆ ಕಾ, ಕಿ, ಕೀ ಬರುತ್ತವೆ, ಒತ್ತಕ್ಷರದ ಕ್ರ, ಕ್ಷ ಕೊನೆಗೆ. ಮೊದಲ ಗುಂಪಿನೊಳಗೆ ‘ಕ’ದ ನಂತರದ ಅಕ್ಷರ ಯಾವುದು ಎಂದು ನೋಡುತ್ತೇವೆ. ಅನುಸ್ವಾರ ವ್ಯಂಜನಗಳಿಗಿಂತ ಹಿಂದಿನದು. ಆದ್ದರಿಂದ ಕಂದಕೂರ ಮೊದಲು, ಕಕ್ಕೇರಾ ಆಮೇಲೆ.

ಮೊದಲು ನಾಲ್ಕು ಊರುಗಳ ಪರೀಕ್ಷೆ

ಸೆಟ್ಟಿಂಗ್ ಮುಟ್ಟುವ ಮೊದಲು ನಿಮ್ಮ ಕಂಪ್ಯೂಟರಿನಲ್ಲಿ ಈಗ ಯಾವ ನಿಯಮ ನಡೆಯುತ್ತಿದೆ ಎಂದು ತಿಳಿದುಕೊಳ್ಳಿ. ಖಾಲಿ ಹಾಳೆಯಲ್ಲಿ ಒಂದರ ಕೆಳಗೊಂದು ಈ ನಾಲ್ಕು ಹೆಸರು ಬರೆಯಿರಿ: ಬಳಿಚಕ್ರ, ಕಕ್ಕೇರಾ, ಬಸವಸಾಗರ, ಕಂದಕೂರ. ಏರಿಕೆಯ ಕ್ರಮದಲ್ಲಿ ಸಾರ್ಟ್ ಮಾಡಿ, ಫಲಿತಾಂಶ ನೋಡಿ.

1. ಕಂದಕೂರ, ಕಕ್ಕೇರಾ, ಬಳಿಚಕ್ರ, ಬಸವಸಾಗರ ಎಂದು ಬಂದರೆ ಸಂಖ್ಯಾಕ್ರಮ ನಡೆಯುತ್ತಿದೆ. ಅನುಸ್ವಾರ ಸರಿ, ‘ಳ’ ತಪ್ಪು.
2. ಕಕ್ಕೇರಾ, ಕಂದಕೂರ, ಬಸವಸಾಗರ, ಬಳಿಚಕ್ರ ಎಂದು ಬಂದರೆ ಸಾರ್ವತ್ರಿಕ ಅನುಕ್ರಮ. ‘ಳ’ ಸರಿ, ಅನುಸ್ವಾರ ತಪ್ಪು. ಲೊಕೇಲ್ ಇಂಗ್ಲಿಷ್‌ನಲ್ಲಿದೆ ಎಂಬುದರ ಸೂಚನೆ ಇದು.
3. ಕಂದಕೂರ, ಕಕ್ಕೇರಾ, ಬಸವಸಾಗರ, ಬಳಿಚಕ್ರ ಎಂದು ಬಂದರೆ ಕನ್ನಡದ ನಿಯಮವೇ ನಡೆಯುತ್ತಿದೆ. ನೀವೇನೂ ಬದಲಿಸಬೇಕಿಲ್ಲ.

ಈ ಪರೀಕ್ಷೆಯನ್ನು ಯಾವ ತಂತ್ರಾಂಶದಲ್ಲಾದರೂ, ಮೊಬೈಲಿನಲ್ಲಾದರೂ ಮಾಡಬಹುದು. ಸೆಟ್ಟಿಂಗ್ ಬದಲಿಸಿದ ಮೇಲೆ ಇನ್ನೊಮ್ಮೆ ಮಾಡಿ. ಬದಲಾವಣೆ ಫಲಿಸಿತೇ ಎಂಬುದನ್ನು ಮೆನುವಿನಲ್ಲಿ ಕಾಣುವ ಹೆಸರಿಗಿಂತ ಈ ನಾಲ್ಕು ಸಾಲುಗಳೇ ಖಚಿತವಾಗಿ ಹೇಳುತ್ತವೆ.

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ

ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲಿ ಈ ಕೆಲಸ ಅತಿ ಸುಲಭ. ಕಾರಣ, ಇಡೀ ಕಂಪ್ಯೂಟರಿನ ಭಾಷೆ ಬದಲಿಸದೆ ಆ ಒಂದು ಸಾರ್ಟ್‌ಗೆ ಮಾತ್ರ ಭಾಷೆ ಆರಿಸಬಹುದು.

1. ಪಟ್ಟಿಯ ಪಕ್ಕದಲ್ಲಿ ಒಂದು ಹೊಸ ಕಾಲಂ ಸೇರಿಸಿ 1, 2, 3 ಎಂದು ಕ್ರಮಸಂಖ್ಯೆ ತುಂಬಿ. ಏನಾದರೂ ಏರುಪೇರಾದರೆ ಈ ಸಂಖ್ಯೆಯ ಮೇಲೆ ಸಾರ್ಟ್ ಮಾಡಿ ಮೂಲ ಕ್ರಮಕ್ಕೆ ಮರಳಬಹುದು.
2. ಊರಿನ ಕಾಲಂ ಒಂದನ್ನೇ ಅಲ್ಲ, ಶೀರ್ಷಿಕೆಯೂ ಸೇರಿ ಇಡೀ ಪಟ್ಟಿಯನ್ನು ಆಯ್ಕೆ ಮಾಡಿ.
3. ಮೇಲಿನ ಮೆನುವಿನಲ್ಲಿ `Data` ತೆರೆದು `Sort` ಆರಿಸಿ. ಪಟ್ಟಿಯ ಮೊದಲ ಸಾಲು ಶೀರ್ಷಿಕೆಯಾಗಿದ್ದರೆ ಅದನ್ನು ಶೀರ್ಷಿಕೆಯೆಂದು ಗುರುತಿಸುವ ಚೌಕಕ್ಕೆ ಟಿಕ್ ಹಾಕಿ.
4. ಅದೇ ಕಿಟಕಿಯಲ್ಲಿ `Options` ಎಂಬ ಟ್ಯಾಬ್‌ಗೆ ಹೋಗಿ. ಅಲ್ಲಿ `Language` ಪಟ್ಟಿಯಿಂದ `Kannada` ಆರಿಸಿ.
5. ಮತ್ತೆ ಮೊದಲ ಟ್ಯಾಬ್‌ಗೆ ಬಂದು ಯಾವ ಕಾಲಂ ಮೇಲೆ ಜೋಡಿಸಬೇಕು ಎಂದು ಹೇಳಿ. ತಾಲ್ಲೂಕುವಾರು ಬೇಕಿದ್ದರೆ ಮೊದಲ ಕೀಲಿಯಾಗಿ ತಾಲ್ಲೂಕು, ಎರಡನೆಯದಾಗಿ ಊರು ಕೊಡಿ.
6. `OK` ಒತ್ತಿ.

ತಾಲ್ಲೂಕುಗಳು ಗುರುಮಠಕಲ್, ಯಾದಗಿರಿ, ವಡಗೇರಾ, ಶಹಾಪುರ, ಸುರಪುರ, ಹುಣಸಗಿ ಎಂದು ಬರಬೇಕು. ಇವಕ್ಕೆ ಮೂರೂ ನಿಯಮಗಳಲ್ಲಿ ಒಂದೇ ಕ್ರಮ. ತಾಲ್ಲೂಕಿನ ಕಾಲಂ ಸರಿಯಾಗಿ ಬಂದಿತೆಂದು ಊರುಗಳೂ ಸರಿಯಾಗಿವೆ ಎಂದುಕೊಳ್ಳಬೇಡಿ. ಪರೀಕ್ಷೆಗೆ ಅನುಸ್ವಾರ ಮತ್ತು ‘ಳ’ ಇರುವ ಹೆಸರುಗಳೇ ಬೇಕು.

ಗಮನದಲ್ಲಿಡಬೇಕಾದ ಮಾತೊಂದಿದೆ. ಟೂಲ್‌ಬಾರ್‌ನಲ್ಲಿರುವ A–Z ಚಿತ್ರದ ಗುಂಡಿ ನಿಮ್ಮನ್ನು ಭಾಷೆ ಕೇಳುವುದಿಲ್ಲ, ತಂತ್ರಾಂಶದ ಸಾಮಾನ್ಯ ಲೊಕೇಲ್‌ನಂತೆ ಜೋಡಿಸುತ್ತದೆ. ಕನ್ನಡದ ಪಟ್ಟಿಗೆ `Data` ಮೆನುವಿನ ದಾರಿಯನ್ನೇ ಹಿಡಿಯಿರಿ.

ಕ್ಯಾಲ್ಕ್‌ನಲ್ಲಿ ಜೋಡಿಸಿದ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಉಳಿಸಿ ಇನ್ನೊಂದು ಕಚೇರಿಗೆ ಕಳಿಸಿದರೂ ಕ್ರಮ ಕೆಡುವುದಿಲ್ಲ. ಸಾರ್ಟ್ ಎಂದರೆ ಸಾಲುಗಳ ಜಾಗ ಬದಲಿಸುವುದು. ಬದಲಾದ ಸಾಲುಗಳು ಹಾಗೇ ಉಳಿಯುತ್ತವೆ. ಅಲ್ಲಿ ಯಾರಾದರೂ ಮತ್ತೆ ಸಾರ್ಟ್ ಒತ್ತಿದರೆ ಮಾತ್ರ ಆ ಕಂಪ್ಯೂಟರಿನ ನಿಯಮ ಜಾರಿಗೆ ಬರುತ್ತದೆ.

ಒಂದು ಪಟ್ಟಿಯನ್ನು ಜೋಡಿಸಿ ನೋಡೋಣ

ನಮ್ಮ ಜಿಲ್ಲೆಯ ಒಂಬತ್ತು ಹೆಸರುಗಳು ಹೀಗಿವೆ ಎಂದುಕೊಳ್ಳಿ: ಮುಡಬೂಳ, ಕೊಡೇಕಲ್, ಬಳಿಚಕ್ರ, ಕಕ್ಕೇರಾ, ಬಸವಸಾಗರ, ಮುಂಡರಗಿ, ಬಂದಳ್ಳಿ, ಕೊಂಕಲ್, ಕಂದಕೂರ.

ಲೊಕೇಲ್ ಇಂಗ್ಲಿಷ್ ಇದ್ದಾಗ ಕ್ಯಾಲ್ಕ್ ಕೊಡುವ ಕ್ರಮ ಇದು: ಕಕ್ಕೇರಾ, ಕಂದಕೂರ, ಕೊಂಕಲ್, ಕೊಡೇಕಲ್, ಬಂದಳ್ಳಿ, ಬಸವಸಾಗರ, ಬಳಿಚಕ್ರ, ಮುಡಬೂಳ, ಮುಂಡರಗಿ.

ಕೊಂಕಲ್ ಇಲ್ಲಿ ಕೊಡೇಕಲ್‌ಗಿಂತ ಮೊದಲೇ ಇದೆ. ನಿಯಮ ಸರಿಯಾಗಿದೆ ಎಂದು ಭ್ರಮೆಯಾಗಬಹುದು. ಆದರೆ ಅದು ಮೊದಲು ಬಂದದ್ದು ಅನುಸ್ವಾರದಿಂದಲ್ಲ. ಸೊನ್ನೆ ಬಿಟ್ಟರೆ ಅದು ‘ಕೊಕಲ್’ ಆಗುತ್ತದೆ, ‘ಕ’ ಅಕ್ಷರ ‘ಡ’ಗಿಂತ ಹಿಂದಿನದು, ಅಷ್ಟೇ. ಮುಂಡರಗಿಯಲ್ಲಿ ನಿಜ ಬಯಲಾಗುತ್ತದೆ. ಸೊನ್ನೆ ಬಿಟ್ಟರೆ ಅದು ‘ಮುಡರಗಿ’. ‘ಮುಡಬೂಳ’ದ ಜೊತೆ ಹೋಲಿಸಿದರೆ ಮೊದಲ ಎರಡು ಅಕ್ಷರ ಒಂದೇ, ಮೂರನೆಯದರಲ್ಲಿ ‘ಬ’ ಮೊದಲು, ‘ರ’ ಆಮೇಲೆ. ಅದಕ್ಕೇ ಮುಂಡರಗಿ ಕೆಳಗಿಳಿಯಿತು.

ಭಾಷೆ ಕನ್ನಡ ಎಂದು ಆರಿಸಿದಾಗ ಬರುವ ಕ್ರಮ: ಕಂದಕೂರ, ಕಕ್ಕೇರಾ, ಕೊಂಕಲ್, ಕೊಡೇಕಲ್, ಬಂದಳ್ಳಿ, ಬಸವಸಾಗರ, ಬಳಿಚಕ್ರ, ಮುಂಡರಗಿ, ಮುಡಬೂಳ.

ಒಂಬತ್ತರಲ್ಲಿ ಅದಲು ಬದಲಾದದ್ದು ಎರಡು ಜೋಡಿ ಮಾತ್ರ. ಹತ್ತಾರು ಹೆಸರುಗಳಿದ್ದರೆ ಕೈಯಲ್ಲೇ ತಿದ್ದಬಹುದು ಎನ್ನಿಸುತ್ತದೆ. ಮತದಾರರ ಪಟ್ಟಿಯಂಥ ಸಾವಿರಾರು ಸಾಲುಗಳಲ್ಲಿ ಗಂಗಮ್ಮ, ಚಂದ್ರಪ್ಪ, ಮಂಜುಳಾ, ಶಂಕರ, ಸಂಗಪ್ಪ ಎಲ್ಲರೂ ತಮ್ಮ ಅಕ್ಷರದ ಆರಂಭ ಬಿಟ್ಟು ಎಲ್ಲೋ ನಡುವೆ ಹೋಗಿ ಕೂತಿರುತ್ತಾರೆ. ಕಾಗದದಲ್ಲಿ ಹುಡುಕುವವರು ಆ ಹೆಸರೇ ಇಲ್ಲವೆಂದು ತಿಳಿದು ಎರಡನೇ ಸಲ ಸೇರಿಸಿಬಿಡುತ್ತಾರೆ.

ಎಕ್ಸೆಲ್ ಬಳಸುವವರಿಗೆ

ಎಕ್ಸೆಲ್‌ನಲ್ಲಿ ಒಂದು ಸಾರ್ಟ್‌ಗೆ ಮಾತ್ರ ಕನ್ನಡ ಆರಿಸುವ ಇಂಥ ಸುಲಭ ದಾರಿಯಿಲ್ಲ. ಅದು ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್ ಅನುಸರಿಸುತ್ತದೆ. ಎಕ್ಸೆಲ್ ಮುಚ್ಚಿ, ವಿಂಡೋಸ್‌ನ `Control Panel` ತೆರೆದು `Region` ಆರಿಸಿ, `Formats` ಟ್ಯಾಬ್‌ನಲ್ಲಿ `Kannada (India)` ಕೊಟ್ಟು, ಎಕ್ಸೆಲ್ ಮತ್ತೆ ತೆರೆದು ನಾಲ್ಕು ಊರುಗಳ ಪರೀಕ್ಷೆ ಮಾಡಿ. ಈ ಬದಲಾವಣೆಯಿಂದ ದಿನಾಂಕ ಮತ್ತು ಹಣದ ಬರಹದ ರೀತಿಯೂ ಬದಲಾಗುತ್ತದೆ. ಹಲವರು ಬಳಸುವ ಕಚೇರಿಯ ಕಂಪ್ಯೂಟರಾದರೆ ಉಳಿದವರನ್ನು ಕೇಳಿಯೇ ಮಾಡಿ.

ಪರೀಕ್ಷೆಯಲ್ಲಿ ಮೂರನೆಯ ಫಲಿತಾಂಶ ಬಾರದಿದ್ದರೆ, ಅಥವಾ ಸೆಟ್ಟಿಂಗ್ ಮುಟ್ಟುವ ಅಧಿಕಾರ ನಿಮಗಿಲ್ಲದಿದ್ದರೆ, ಇನ್ನೊಂದು ದಾರಿಯಿದೆ. ಕನ್ನಡದ ಕ್ರಮವನ್ನು ನಾವೇ ಬರೆದುಕೊಟ್ಟು, ಪ್ರತಿ ಹೆಸರಿಗೂ ಒಂದು ಕೀಲಿ ತಯಾರಿಸಿ, ಆ ಕೀಲಿಯ ಮೇಲೆ ಸಾರ್ಟ್ ಮಾಡುವುದು. ಕೀಲಿಯಲ್ಲಿ ಆರಂಭದ ‘k’ ಬಿಟ್ಟರೆ ಬರೀ ಅಂಕಿಗಳಿರುವುದರಿಂದ ಲೊಕೇಲ್ ಯಾವುದಿದ್ದರೂ ಫಲಿತಾಂಶ ಒಂದೇ. ಎಕ್ಸೆಲ್ 2021 ಅಥವಾ 365 ಇದ್ದರೆ ಇದು ನಡೆಯುತ್ತದೆ.

1. ಖಾಲಿಯಿರುವ H1 ಕೋಶದಲ್ಲಿ ಅಕ್ಷರಗಳ ಕ್ರಮವನ್ನು ಹೀಗೆ ಕೊಡಿ.

```
="ಅಆಇಈಉಊಋಎಏಐಒಓಔ"&UNICHAR(3202)&UNICHAR(3203)
 &"ಕಖಗಘಙಚಛಜಝಞಟಠಡಢಣತಥದಧನಪಫಬಭಮಯರಲವಶಷಸಹಳ"
 &CONCAT(UNICHAR(SEQUENCE(16,1,3262)))
```

ಕಾಗುಣಿತದ ಚಿಹ್ನೆಗಳನ್ನು ಬಿಡಿಬಿಡಿಯಾಗಿ ಟೈಪ್ ಮಾಡುವುದು ಕಷ್ಟ. ಅದಕ್ಕಾಗಿ ಅನುಸ್ವಾರ, ವಿಸರ್ಗ ಮತ್ತು ‘ಾ’ದಿಂದ ‘್’ವರೆಗಿನ ಚಿಹ್ನೆಗಳನ್ನು ಅವುಗಳ ಸಂಖ್ಯೆಯಿಂದಲೇ ಕರೆದಿದ್ದೇವೆ. ಕೋಶದಲ್ಲಿ ಕೊನೆಯ ‘ಳ’ದ ಮೇಲೆ ಚಿಹ್ನೆಗಳು ಒಂದರ ಮೇಲೊಂದು ಬಿದ್ದು ವಿಕಾರವಾಗಿ ಕಾಣುತ್ತವೆ. ಅದು ಕಾಣುವ ರೂಪ ಮಾತ್ರ, ಒಳಗಿನ ಕ್ರಮ ಸರಿಯಾಗಿರುತ್ತದೆ. ಬೇರೊಂದು ಕೋಶದಲ್ಲಿ `=LEN(H1)` ಬರೆದಾಗ 65 ಬಂದರೆ ಅಕ್ಷರ ಯಾವುದೂ ತಪ್ಪಿಲ್ಲ.

2. ಹೆಸರುಗಳು A ಕಾಲಂನಲ್ಲಿ A2ರಿಂದ ಆರಂಭವಾಗಿವೆ ಎಂದುಕೊಳ್ಳಿ. B2ರಲ್ಲಿ ಈ ಸೂತ್ರ ಬರೆದು ಕೆಳಗೆಲ್ಲ ಎಳೆಯಿರಿ.

```
="k"&CONCAT(IFERROR(TEXT(FIND(MID(A2,
 SEQUENCE(LEN(A2)),1),$H$1),"00"),"00"))
```

3. ಇಡೀ ಪಟ್ಟಿಯನ್ನು ಆಯ್ಕೆ ಮಾಡಿ B ಕಾಲಂ ಮೇಲೆ ಸಾರ್ಟ್ ಮಾಡಿ. ಆಮೇಲೆ B ಕಾಲಂ ಅನ್ನು ಮರೆಮಾಡಬಹುದು.

ಸೂತ್ರ ಮಾಡುವ ಕೆಲಸ ಸರಳ. ಹೆಸರಿನ ಒಂದೊಂದೇ ಅಕ್ಷರ, ಚಿಹ್ನೆ ತೆಗೆದುಕೊಂಡು H1ರಲ್ಲಿ ಅದು ಎಷ್ಟನೆಯದು ಎಂದು ನೋಡಿ ಎರಡಂಕಿಯಲ್ಲಿ ಬರೆಯುತ್ತದೆ. ‘ಬ’ 38ನೆಯದು, ‘ಸ’ 47ನೆಯದು, ‘ಳ’ 49ನೆಯದು. ಹಾಗಾಗಿ ಬಸವಸಾಗರದ ಕೀಲಿ k38474447501842, ಬಳಿಚಕ್ರದ ಕೀಲಿ k38495121166542. ಮೂರು ಮತ್ತು ನಾಲ್ಕನೆಯ ಅಂಕಿಗಳಲ್ಲೇ ತೀರ್ಮಾನವಾಗುತ್ತದೆ: 47 ಮೊದಲು, 49 ಆಮೇಲೆ. H1ರಲ್ಲಿ ಇಲ್ಲದ ಖಾಲಿ ಜಾಗ, ಚುಕ್ಕೆ ಮುಂತಾದವುಗಳಿಗೆ 00 ಸಿಗುತ್ತದೆ. ಆರಂಭದ ‘k’ ಅಕ್ಷರವನ್ನು ಬಿಡಬೇಡಿ. ಅದಿಲ್ಲದಿದ್ದರೆ ಎಕ್ಸೆಲ್ ಕೀಲಿಯನ್ನು ಸಂಖ್ಯೆಯಂತೆ ಹೋಲಿಸಲು ಹೊರಡಬಹುದು, ಆಗ ಉದ್ದದ ಹೆಸರುಗಳೆಲ್ಲ ಕೆಳಗೆ ಹೋಗುತ್ತವೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ನಿಯಮ ಕನ್ನಡದ್ದೇ ಆಗಿದ್ದರೂ ಕೆಲವು ಹೆಸರುಗಳು ದಾರಿ ತಪ್ಪಿದರೆ, ದೋಷ ಪಠ್ಯದಲ್ಲಿದೆ ಎಂದರ್ಥ. ನಮ್ಮ ಕಚೇರಿ, ಶಾಲೆಗಳ ಹಳೆಯ ಕಡತಗಳಲ್ಲಿ ಇವು ಹೆಚ್ಚಾಗಿ ಸಿಗುತ್ತವೆ.

*ಹಳೆಯ ನುಡಿ ಫಾಂಟಿನ ಪಠ್ಯ.* ಯೂನಿಕೋಡ್ ಅಲ್ಲದ ನುಡಿ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳು. ಯಾದಗಿರಿ ಅಲ್ಲಿ `AiÀiÁzÀVj` ಎಂದಿರುತ್ತದೆ. ‘ಅ’ ಅಕ್ಷರ ಅಲ್ಲಿ `C`, ‘ಕ’ದ ಆರಂಭ `P`. ಆದ್ದರಿಂದ ಸಾರ್ಟ್ ಮಾಡಿದಾಗ ಯಾದಗಿರಿ, ಯರಗೋಳ, ಯಾಳಗಿ ಎಲ್ಲವೂ ಅಬ್ಬೆತುಮಕೂರಿಗಿಂತ ಮೇಲೆ ಬಂದುಬಿಡುತ್ತವೆ. ಇಂಥ ಪಠ್ಯಕ್ಕೆ ಯಾವ ಲೊಕೇಲ್ ಕೊಟ್ಟರೂ ಉಪಯೋಗವಿಲ್ಲ. ಪತ್ತೆ ಮಾಡಲು `=UNICODE(A2)` ಬರೆಯಿರಿ. ಉತ್ತರ 3200 ಮತ್ತು 3327ರ ನಡುವೆ ಇದ್ದರೆ ನಿಜವಾದ ಕನ್ನಡ. 65ರಂಥ ಚಿಕ್ಕ ಸಂಖ್ಯೆ ಬಂದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಸಾರ್ಟ್ ಮಾಡಿ.

*ಒಡೆದ ದೀರ್ಘ.* ಹಳೆಯ ಫಾಂಟುಗಳಲ್ಲಿ ‘ಕೇ’ ಬರೆಯಲು ‘ಕೆ’ ಆದ ಮೇಲೆ ದೀರ್ಘದ ಚಿಹ್ನೆಯನ್ನು ಬೇರೆಯಾಗಿ ಒತ್ತುತ್ತಿದ್ದರು. ಪರಿವರ್ತನೆ ಒರಟಾಗಿದ್ದರೆ ಯೂನಿಕೋಡ್‌ನಲ್ಲೂ ಅದು ಎರಡು ತುಂಡಾಗಿಯೇ ಉಳಿಯುತ್ತದೆ. ಕಕ್ಕೇರಾದ ‘ೇ’ ಒಂದೇ ಚಿಹ್ನೆ 3271 ಆಗಿರಬೇಕು, 3270 ಮತ್ತು 3285 ಎಂಬ ಎರಡಾಗಿ ಕೂತಿರುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣದು. ಕ್ಯಾಲ್ಕ್‌ನ ಕನ್ನಡ ಕೊಲೇಶನ್ ಇವೆರಡನ್ನೂ ಒಂದೇ ಎಂದು ಎಣಿಸುತ್ತದೆ, ಆದರೆ ಹುಡುಕಾಟ, VLOOKUP ಮತ್ತು ಮೇಲಿನ ಕೀಲಿಯ ಸೂತ್ರ ಎಣಿಸುವುದಿಲ್ಲ. ಈ ಸೂತ್ರದಿಂದ ಒಂದುಗೂಡಿಸಿ:

```
=SUBSTITUTE(A2,UNICHAR(3270)&UNICHAR(3285),UNICHAR(3271))
```

‘ೀ’ಗೆ 3263 ಮತ್ತು 3285 ಸೇರಿ 3264 ಆಗಬೇಕು. ‘ೋ’ಗೆ 3274 ಮತ್ತು 3285 ಸೇರಿ 3275 ಆಗಬೇಕು. ಇದೇ ಸೂತ್ರದಲ್ಲಿ ಸಂಖ್ಯೆ ಬದಲಿಸಿದರೆ ಸಾಕು.

*ಅನುಸ್ವಾರದ ಬದಲು ಅಂಕಿಯ ಸೊನ್ನೆ.* ಕನ್ನಡದ ಸೊನ್ನೆ ೦ ಮತ್ತು ಅನುಸ್ವಾರ ಂ ನೋಡಲು ಅವಳಿಗಳಂತಿವೆ. ಒಂದರ ಸಂಖ್ಯೆ 3302, ಇನ್ನೊಂದರದು 3202. ತಿಂಥಣಿಯನ್ನು ಅಂಕಿಯ ಸೊನ್ನೆಯಿಂದ ಬರೆದಿದ್ದರೆ ಅದು ಒಂದು ನಿಯಮದಲ್ಲಿ ಮೇಲಕ್ಕೂ ಇನ್ನೊಂದರಲ್ಲಿ ಕೆಳಕ್ಕೂ ಹೋಗುತ್ತದೆ. 3302ನ್ನು 3202ಕ್ಕೆ ಬದಲಿಸಲು ಮೇಲಿನಂತೆಯೇ SUBSTITUTE ಬಳಸಿ. ಆದರೆ ಆ ಕಾಲಂನಲ್ಲಿ ‘ವಾರ್ಡ್ ೧೦’ ಎಂಬಂತೆ ನಿಜವಾದ ಕನ್ನಡ ಅಂಕಿಗಳಿದ್ದರೆ ಬಳಸಬೇಡಿ, ಅವೂ ಕೆಟ್ಟುಹೋಗುತ್ತವೆ.

*ಕಾಣದ ಅಕ್ಷರಗಳು.* ಒತ್ತಕ್ಷರ ಕೂಡದಂತೆ ತಡೆಯಲು ಟೈಪ್ ಮಾಡುವ ಕಾಣದ ಚಿಹ್ನೆಯೊಂದಿದೆ, ಸಂಖ್ಯೆ 8204. ‘ಗುರುಮಠಕಲ್‌ಗೆ’ ಎಂಬ ಪದದಿಂದ ಊರಿನ ಹೆಸರನ್ನಷ್ಟೇ ನಕಲು ಮಾಡಿದರೆ ಅದೂ ಬಾಲದಂತೆ ಜೊತೆಗೆ ಬರುತ್ತದೆ. ಗುರುಮಠಕಲ್ ಎಂಬುದಕ್ಕೆ `=LEN(A2)` 9 ಕೊಡಬೇಕು. 10 ಬಂದರೆ ಬಾಲವಿದೆ ಅಥವಾ ಕೊನೆಯಲ್ಲಿ ಖಾಲಿ ಜಾಗವಿದೆ. ಕೀಲಿ ತಯಾರಿಸುವ ಮೊದಲು ಎರಡನ್ನೂ ತೆಗೆಯಿರಿ:

```
=TRIM(SUBSTITUTE(A2,UNICHAR(8204),""))
```

*ಒಂದೇ ಕಾಲಂ ಸಾರ್ಟ್ ಮಾಡುವುದು.* ಇದು ಇವೆಲ್ಲಕ್ಕಿಂತ ಅಪಾಯಕಾರಿ. ಹೆಸರಿನ ಕಾಲಂ ಮಾತ್ರ ಆಯ್ಕೆ ಮಾಡಿ ಜೋಡಿಸಿದರೆ ಹೆಸರುಗಳು ಸರಿದಾಡುತ್ತವೆ, ಪಕ್ಕದ ಖಾತೆ ಸಂಖ್ಯೆ, ಜನ್ಮದಿನಾಂಕಗಳು ಇದ್ದಲ್ಲೇ ಉಳಿಯುತ್ತವೆ. ಆಯ್ಕೆಯನ್ನು ವಿಸ್ತರಿಸಬೇಕೇ ಎಂದು ತಂತ್ರಾಂಶ ಕೇಳಿದಾಗ ಹೌದು ಎನ್ನಿ. ಮೊದಲೇ ತುಂಬಿಟ್ಟ ಕ್ರಮಸಂಖ್ಯೆಯೂ ಇಲ್ಲಿ ನೆರವಾಗದು, ಏಕೆಂದರೆ ಅದು ಹೆಸರಿನ ಜೊತೆ ಚಲಿಸಿರುವುದಿಲ್ಲ. ತಕ್ಷಣ Ctrl ಮತ್ತು Z ಒತ್ತಿ ಹಿಂದಕ್ಕೆ ಹೋಗಿ.

ಕೊಲೇಶನ್ ಮಾಡಲಾರದ ಕೆಲಸ

ಕೊಲೇಶನ್ ಅಕ್ಷರಗಳ ಕ್ರಮ ಹೇಳುತ್ತದೆ, ಬರವಣಿಗೆಯ ರೂಪಗಳನ್ನು ಒಂದು ಮಾಡುವುದಿಲ್ಲ. ನಮ್ಮಲ್ಲಿ ಶಹಾಪುರ ಎಂದೂ ಶಹಾಪೂರ ಎಂದೂ, ಯಾದಗಿರಿ ಎಂದೂ ಯಾದಗಿರ ಎಂದೂ ಬರೆಯುತ್ತಾರೆ. ಒಂದೇ ತಾಲ್ಲೂಕಿನ ಊರುಗಳು ಈ ಎರಡು ರೂಪಗಳಲ್ಲಿ ಹಂಚಿಹೋಗಿದ್ದರೆ ಎಷ್ಟು ಸರಿಯಾಗಿ ಸಾರ್ಟ್ ಮಾಡಿದರೂ ಅವು ಎರಡು ಗುಂಪಾಗಿಯೇ ಉಳಿಯುತ್ತವೆ. ಮೊದಲು ಒಂದು ರೂಪ ನಿಶ್ಚಯಿಸಿ, `Find & Replace` ಮೂಲಕ ಎಲ್ಲೆಡೆ ಅದನ್ನೇ ತನ್ನಿ.

ಹೀಗಾಗಿ ಕೆಲಸದ ಸರದಿ ಇದು: ಪಠ್ಯ ನಿಜವಾದ ಯೂನಿಕೋಡ್ ಕನ್ನಡವೇ ಎಂದು ನೋಡಿ, ಒಡೆದ ದೀರ್ಘ, ಅಂಕಿಯ ಸೊನ್ನೆ, ಕಾಣದ ಅಕ್ಷರಗಳನ್ನು ತಿದ್ದಿ, ಊರುಗಳ ರೂಪ ಒಂದಾಗಿಸಿ, ಕನ್ನಡ ಆರಿಸಿ ಇಡೀ ಪಟ್ಟಿಯನ್ನು ಜೋಡಿಸಿ. ಮುದ್ರಣಕ್ಕೆ ಕಳಿಸುವ ಮುನ್ನ ಎರಡು ಜಾಗ ನೋಡಿದರೆ ಸಾಕು. ‘ಕ’ದ ಆರಂಭದಲ್ಲಿ ಕಂದಕೂರ ಇರಬೇಕು, ಬಸವಸಾಗರದ ಕೆಳಗೆ ಬಳಿಚಕ್ರ ಇರಬೇಕು.